ಕಿರ್ದಿಯಲ್ಲಿ ಉಳಿದ ಕೀ

"ಕೀ ಬದ್ಲಿ ಮಾಡೀನ್ರೀ ಸರ್, ಹಳೀದು ಈಗ ಎಲ್ಲೀ ಇಲ್ಲ." ಶಹಾಬಜಾರ ನಾಕಾದ ಹತ್ತಿರದ ಎರಡು ಕೋಣೆಯ ಕಚೇರಿಯೊಂದರಲ್ಲಿ ಈ ಮಾತು ಕೇಳಿದೆ. ತೊಗರಿ ಅಡತಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಬರೆದುಕೊಡುವ ಹುಡುಗರು ಅವರು. ಎಸ್ಸೆಮ್ಮೆಸ್ ಕಳಿಸುವ ಸೇವೆಯ ಎಪಿಐ ಕೀ ಕಾನ್ಫಿಗರೇಶನ್ ಫೈಲಿನ ಜೊತೆ ಗಿಟ್‌ಹಬ್‌ನ ಸಾರ್ವಜನಿಕ ರೆಪೊಸಿಟರಿಗೆ ಹೋಗಿಬಿಟ್ಟಿತ್ತು. ಅದನ್ನು ಸರಿಪಡಿಸಿದ್ದೇನೆ ಎಂದು ಅವರಲ್ಲೊಬ್ಬ ತೋರಿಸಿದ್ದು ಒಂದೇ ಒಂದು ಕಮಿಟ್.

ಇಂಥ ಕಮಿಟ್‌ಗೆ ನಮ್ಮ ವೃತ್ತಿಯಲ್ಲಿ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೋರಿದ ಕೀ ತೆಗೆದ ಕಮಿಟ್ ಕಂಡರೆ ಹಿರಿಯರು ತಲೆಯಾಡಿಸುತ್ತಾರೆ, ದೂರು ಮುಚ್ಚಿಹೋಗುತ್ತದೆ. ಅದರೊಳಗೆ ಏನಿದೆ ಎಂದು ಓದಿದವರು ಕಡಿಮೆ. ಓದೋಣ. ಕೀಗಳನ್ನಷ್ಟೇ ಇಲ್ಲಿ ಬದಲಿಸಿ ಬರೆದಿದ್ದೇನೆ:

```
-SMS_KEY=old-7f3a91
+SMS_KEY=new-c20b64
```

ಮೊದಲ ಸಾಲು ನೋಡಿ. ಹಳೆಯ ಕೀ ಅಳಿಸಿದ್ದೇವೆ ಎಂದು ಹೇಳುವ ಸಾಲೇ ಹಳೆಯ ಕೀಯನ್ನು ಪೂರ್ತಿಯಾಗಿ ಓದಿ ಹೇಳುತ್ತಿದೆ. ಮುಂದಿರುವ ಆ ಕಳೆಯುವ ಚಿಹ್ನೆಯ ಅರ್ಥ ಇಷ್ಟೇ: ಇನ್ನು ಮುಂದಿನ ಪ್ರತಿಯಲ್ಲಿ ಈ ಸಾಲು ಇರುವುದಿಲ್ಲ. ಹಿಂದಿನ ಪ್ರತಿಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೇಲಾಗಿ ಕಮಿಟ್‌ನ ಸಂದೇಶದಲ್ಲಿ `removed api key` ಎಂದು ಬರೆದಿತ್ತು. ಸಾವಿರ ಕಮಿಟ್‌ಗಳ ರಾಶಿಯಲ್ಲಿ ಕೀ ಎಲ್ಲಿದೆ ಎಂದು ಹುಡುಕುವವನಿಗೆ ಇದಕ್ಕಿಂತ ಸ್ಪಷ್ಟವಾದ ಕೈಮರ ಬೇಕಿಲ್ಲ.

ಎರಡನೆಯ ಸಾಲು ಇನ್ನೂ ಕೆಟ್ಟದ್ದು. ಹೊಸ ಕೀ ಅದೇ ಫೈಲಿಗೆ, ಅದೇ ಸಾರ್ವಜನಿಕ ರೆಪೊಗೆ ಬಂದು ಕೂತಿದೆ. ಅಂದರೆ ಆ ಕಮಿಟ್ ಪುಶ್ ಆದ ಗಳಿಗೆಯಿಂದ ಸೋರಿದ ಕೀಗಳು ಎರಡು. ತಪ್ಪು ತಿಳಿದ ಮೇಲೆ ಹುಡುಗ ಕೀಯನ್ನು `.env` ಫೈಲಿಗೆ ಸಾಗಿಸಿ, ಆ ಹೆಸರನ್ನು `.gitignore`ನಲ್ಲಿ ಬರೆದ. ಆದರೆ `.env` ಮೊದಲಿನಿಂದಲೇ ರೆಪೊದಲ್ಲಿತ್ತು. ಗಿಟ್ ಆಗಲೇ ಲೆಕ್ಕಕ್ಕೆ ತೆಗೆದುಕೊಂಡ ಫೈಲಿಗೆ `.gitignore` ಅನ್ವಯಿಸುವುದಿಲ್ಲ. `git rm --cached .env` ಮಾಡುವ ತನಕ ಅದರ ಪ್ರತಿ ಬದಲಾವಣೆಯೂ ಕಮಿಟ್‌ಗೆ ಹೋಗುತ್ತಲೇ ಇರುತ್ತದೆ. ಮೂರನೆಯ ಕೀ ಹೋಗುವುದರೊಳಗೆ ಕೈ ಹಿಡಿದೆವು.

ಗಿಟ್ ಹೀಗೇಕೆ ಎಂಬುದು ಅಡತಿ ಅಂಗಡಿಯ ಕಿರ್ದಿ ನೋಡಿದವರಿಗೆ ಹೊಸದಲ್ಲ. ಕಿರ್ದಿಯಲ್ಲಿ ತಪ್ಪು ಬರೆದರೆ ಹಾಳೆ ಹರಿಯುವುದಿಲ್ಲ. ಇವತ್ತಿನ ತಾರೀಖಿನಲ್ಲಿ ಸರಿ ಜಮಾ ಬರೆಯುತ್ತಾರೆ. ಹಳೆಯ ಸಾಲು ಅಲ್ಲೇ ಇರುತ್ತದೆ. ಪ್ರತಿ ಹಾಳೆಯ ಬಾಕಿ ಮುಂದಿನ ಹಾಳೆಗೆ ಎಳೆದು ಬರುತ್ತದೆ, ಆದ್ದರಿಂದ ಹಿಂದಿನ ಒಂದು ಅಂಕಿ ತಿದ್ದಿದರೆ ಮುಂದಿನ ಎಲ್ಲ ಬಾಕಿಯೂ ಬದಲಾಗಬೇಕು. ಗಿಟ್‌ನ ಕಮಿಟ್ ಹ್ಯಾಶ್ ಇದೇ ಎಳೆದ ಬಾಕಿ. ಪ್ರತಿ ಕಮಿಟ್‌ನ ಹ್ಯಾಶ್‌ನಲ್ಲಿ ಅದರ ಹಿಂದಿನ ಕಮಿಟ್‌ನ ಹ್ಯಾಶ್ ಸೇರಿದೆ. ಹಾಗಾಗಿ ಕೀ ಬದಲಿಸುವುದು ಒಂದು ಕೆಲಸ, ಇತಿಹಾಸ ತಿದ್ದುವುದು ಪೂರ್ತಿ ಬೇರೆ ಕೆಲಸ.

ಇಲ್ಲಿ ಕೆಲವು ಅನುಭವಿಗಳ ಜೊತೆ ನನ್ನ ಜಗಳವಿದೆ. ಹಳೆಯ ಕೀ ರದ್ದು ಮಾಡಿದ ಮೇಲೆ ಅದು ಸತ್ತ ಅಕ್ಷರಗಳ ಸಾಲು, ಇತಿಹಾಸ ಕೆದಕುವುದು ಸುಮ್ಮನೆ ಶ್ರಮ ಎಂದು ಅವರು ಹೇಳುತ್ತಾರೆ. ಅವರ ಮಾತಿನಲ್ಲಿ ಒಂದು ಭಾಗ ಸರಿ: ರದ್ದತಿ ಮೊದಲು ಆಗಬೇಕು. ಯಾರಾದರೂ ಆಗಲೇ ಕ್ಲೋನ್ ಮಾಡಿಕೊಂಡಿದ್ದರೆ ಇತಿಹಾಸ ತೊಳೆದರೂ ಅವರ ಕೈಯಿಂದ ಕೀ ಹೋಗುವುದಿಲ್ಲ. ಆದರೆ "ರದ್ದು ಮಾಡಿದ ಮೇಲೆ" ಎನ್ನುವಾಗ ಅವರು ನಿಜವಾಗಿ ರದ್ದಾಯಿತೇ ಎಂದು ಕೇಳುವುದಿಲ್ಲ. ಹೊಸ ಕೀ ಪಡೆದರೆ ಹಳೆಯದು ತಾನಾಗಿ ಸಾಯುವುದಿಲ್ಲ. ಅಮೆಜಾನ್‌ನ ಎಡಬ್ಲ್ಯೂಎಸ್‌ನಲ್ಲಿ ಒಬ್ಬ ಬಳಕೆದಾರನಿಗೆ ಒಮ್ಮೆಗೆ ಎರಡು ಕೀ ಇರಬಹುದು. ಹಳೆಯದನ್ನು ನಾವೇ ನಿಷ್ಕ್ರಿಯಗೊಳಿಸಬೇಕು. ನಮ್ಮ ಹುಡುಗರ ಹಳೆಯ ಕೀ ಹಾಕಿ ಒಂದು ಕೋರಿಕೆ ಕಳಿಸಿದೆ. 401 ಬರಬೇಕಿತ್ತು. ಫೋನಿಗೆ ಮೆಸೇಜು ಬಂತು. ಅದು ಇನ್ನೂ ಜೀವಂತವಿತ್ತು.

ಇನ್ನೊಂದು, ಆ ಫೈಲಿನಲ್ಲಿದ್ದದ್ದು ಕೀ ಮಾತ್ರವಲ್ಲ. ಡೇಟಾಬೇಸಿನ ವಿಳಾಸ, ಪರೀಕ್ಷೆಗೆಂದು ಹಾಕಿದ ವ್ಯಾಪಾರಿಗಳ ಮೊಬೈಲ್ ನಂಬರುಗಳು ಇದ್ದವು. ನಂಬರಿಗೆ ರದ್ದತಿ ಎಂಬುದಿಲ್ಲ. ಅದನ್ನು ಇತಿಹಾಸದಿಂದ ತೆಗೆಯುವುದೊಂದೇ ದಾರಿ. ರೆಪೊವನ್ನು ಖಾಸಗಿ ಮಾಡಿದರೆ ಸಾಕು ಎನ್ನುವವರಿಗೆ 2016ರ ಊಬರ್ ಪ್ರಕರಣ ನೆನಪಿರಲಿ: ದಾಳಿಕೋರರಿಗೆ ಎಡಬ್ಲ್ಯೂಎಸ್ ಕೀ ಸಿಕ್ಕಿದ್ದು ಎಂಜಿನಿಯರುಗಳ ಖಾಸಗಿ ರೆಪೊದಲ್ಲೇ, ಹೊರಹೋದದ್ದು 5.7 ಕೋಟಿ ಜನರ ಮಾಹಿತಿ.

ತೊಳೆಯುವ ಕೆಲಸಕ್ಕೆ ಗಿಟ್‌ನ ಕೈಪಿಡಿಯೇ ಹಳೆಯ `filter-branch` ಬೇಡವೆಂದು ಎಚ್ಚರಿಸಿ `filter-repo` ಕಡೆ ಕಳಿಸುತ್ತದೆ. ಮೊದಲು ಕೀ ಎಲ್ಲೆಲ್ಲಿ ಹಾದುಹೋಗಿದೆ ಎಂದು ನೋಡಿದೆವು, ಆಮೇಲೆ ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲಿ ತೊಳೆದೆವು:

```
git log --all --oneline -S 'old-7f3a91'
git filter-repo --replace-text keys.txt
```

ಮೊದಲ ಆಜ್ಞೆ ಮೂರು ಸಾಲು ಕೊಟ್ಟಿತು: ಕೀ ಬಂದ ಕಮಿಟ್, ಹೋದ ಕಮಿಟ್, ಮತ್ತು ಎಲ್ಲರೂ ಮರೆತಿದ್ದ ಒಂದು ಹಳೆಯ ಬ್ರಾಂಚಿನದು. `--all` ಇಲ್ಲದಿದ್ದರೆ ಆ ಮೂರನೆಯದು ಕಾಣುತ್ತಿರಲಿಲ್ಲ. `keys.txt`ನಲ್ಲಿ ಎರಡೂ ಕೀಗಳನ್ನೂ ಆ ನಂಬರುಗಳನ್ನೂ ಸಾಲಿಗೊಂದರಂತೆ ಬರೆದಿದ್ದೆವು. ತೊಳೆದ ಮೇಲೆ ಮೊದಲ ಆಜ್ಞೆ ಖಾಲಿ ಬಂತು. `filter-repo` ಬೇಕೆಂದೇ `origin` ಸಂಪರ್ಕ ತೆಗೆದುಹಾಕುತ್ತದೆ, ಕೈತಪ್ಪಿ ಪುಶ್ ಆಗದಿರಲಿ ಎಂದು. ಅದನ್ನು ಮತ್ತೆ ಸೇರಿಸಿ ಎಲ್ಲ ಬ್ರಾಂಚು, ಟ್ಯಾಗುಗಳನ್ನು ಬಲವಂತದ ಪುಶ್ ಮಾಡಿದೆವು.

ಮೂರನೆಯ ದಿನ ಕೀ ಮರಳಿ ಬಂತು. ಕಮಲಾಪುರದಿಂದ ಬಂದು ಹೋಗುವ ಇನ್ನೊಬ್ಬ ಹುಡುಗನ ಲ್ಯಾಪ್‌ಟಾಪಿನಲ್ಲಿ ಹಳೆಯ ಇತಿಹಾಸವಿತ್ತು. ಅವನು ಎಂದಿನಂತೆ ಪುಲ್ ಮಾಡಿದ, ಗಿಟ್ ಎರಡೂ ಇತಿಹಾಸಗಳನ್ನು ಮರ್ಜ್ ಮಾಡಿತು, ಅವನು ಪುಶ್ ಮಾಡಿದ. ಗೊತ್ತಾದದ್ದು ಲಾಗ್ ನೋಡಿದಾಗ: ಕೀ ಬಂದ ದಿನದಿಂದ ಈಚಿನ ಕಮಿಟ್‌ಗಳು ಬಹುಪಾಲು ಅದೇ ತಾರೀಖು, ಅದೇ ಸಂದೇಶ, ಬೇರೆ ಹ್ಯಾಶ್‌ನಲ್ಲಿ ಎರಡೆರಡು ಸಲ ನಿಂತಿದ್ದವು. ಅವನ ತಪ್ಪಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ. ತೊಳೆಯುವ ಮುನ್ನ ಎಲ್ಲರ ಬಾಕಿ ಕೆಲಸ ಒಳಗೆ ಬರಬೇಕು, ತೊಳೆದ ಮೇಲೆ ಎಲ್ಲರೂ ಹಳೆಯ ಪ್ರತಿ ಅಳಿಸಿ ಹೊಸದಾಗಿ ಕ್ಲೋನ್ ಮಾಡಬೇಕು. ಉಪಕರಣವನ್ನು ಹೊಗಳುವ ಲೇಖನಗಳಲ್ಲಿ ಈ ಭಾಗಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಕೆಲಸದ ಮುಕ್ಕಾಲು ಪಾಲು ಇದೇ.

ಎರಡನೆಯ ಸಲ ತೊಳೆದ ಮೇಲೆ ಹಳೆಯ ಹ್ಯಾಶ್ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು, ಆ ಕಮಿಟ್‌ನ ವಿಳಾಸವನ್ನು ಬ್ರೌಸರಿನಲ್ಲಿ ನೇರವಾಗಿ ತೆರೆದೆ. ಪುಟ ತೆರೆಯಿತು, ಕೀ ಅಲ್ಲೇ ಇತ್ತು. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್‌ಗಳ ಗುರುತುಗಳನ್ನು ನಾವು ತಿದ್ದಲಾಗದು, ಸಂಗ್ರಹದ ಪುಟಗಳೂ ಉಳಿದಿರುತ್ತವೆ. ಅವುಗಳನ್ನು ತೆಗೆಯಲು ಅವರ ಸಹಾಯ ವಿಭಾಗಕ್ಕೇ ಬರೆಯಬೇಕು. ಬೇರೆಯವರು ಮಾಡಿಕೊಂಡ ಫೋರ್ಕ್ ಇದ್ದರೆ ಅದರ ಮಾಲೀಕರನ್ನು ಕೇಳಬೇಕು. ಇವರ ರೆಪೊಗೆ ಫೋರ್ಕ್ ಇರಲಿಲ್ಲ. ಹುಡುಗ ಅಲ್ಲೇ ಕೂತು ಪತ್ರ ಬರೆದ. ಅದಕ್ಕೂ ಮೊದಲು, ನನ್ನ ಮುಂದೆಯೇ, ಎರಡೂ ಕೀ ಹಾಕಿ ಕೋರಿಕೆ ಕಳಿಸಿ ನೋಡಿದ. ಎರಡಕ್ಕೂ 401 ಬಂತು.