ಅಂಗಡಿಯ ತೋರಣದಲ್ಲಿ ನಾಲ್ಕು ಮಾತ್ರೆ

ನರಿಕೊಂಬು ಎಂಬ ಊರು ಬಂಟ್ವಾಳ ತಾಲೂಕಿನಲ್ಲಿದೆ. ಪಾಣೆಮಂಗಳೂರಿಗೆ ತಾಗಿದಂತೆಯೇ ಉಂಟು. ಈ ಹೆಸರಿನ ನಿಜವಾದ ವ್ಯುತ್ಪತ್ತಿ ಏನೇ ಇರಲಿ, ಕೇಳಿದವನ ಕಣ್ಣೆದುರು ಮೊದಲು ನಿಲ್ಲುವುದು ಒಂದು ನರಿ. ಆಮೇಲೆ, ಇಲ್ಲದ ಅದರ ಕೊಂಬು. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಲಕ್ಷಗಟ್ಟಲೆ ಹಣ ಸುರಿದು ಹೆಸರು ಹುಡುಕಿಸುವ ಕಂಪನಿಗಳಿಗೆ ಒದಗದ ಭಾಗ್ಯ ಈ ಊರಿಗೆ ಪುಕ್ಕಟೆಯಾಗಿ ಬಂದಿದೆ.

ಆ ಊರಿನ ಕಡೆ ಹೋದಾಗ ರಸ್ತೆಬದಿಯ ಅಂಗಡಿಯೊಂದರ ಮುಂದೆ ಬಸ್ಸಿಗಾಗಿ ಕಾದು ನಿಂತಿದ್ದೆ. ಅಂಗಡಿಯ ಎದುರು ತಿಂಡಿಯ ಪೊಟ್ಟಣಗಳ ತೋರಣ. ಕವನ ಸಂಕಲನಗಳನ್ನು ವಿಮರ್ಶಿಸಿ ಬೇಸತ್ತವನಿಗೆ ಈ ತೋರಣವೂ ಒಂದು ಸಂಕಲನದಂತೆ ಕಂಡಿತು. ಪ್ರತಿಯೊಂದು ಪೊಟ್ಟಣದ ಮೇಲೂ ಒಂದೊಂದೇ ಶಬ್ದದ ಕವಿತೆ. ಅದನ್ನು ಓದುವವರಿಗಿಂತ ಕೂಗಿ ಕೇಳುವವರೇ ಹೆಚ್ಚು. ಏಳೆಂಟು ವರ್ಷದ ಹುಡುಗನೊಬ್ಬ ಬಂದು, ‘ಒಂಜಿ ಕುರುಕುರೆ ಕೊರ್ಲೆ’ ಎಂದ. ಒಂದು ಕೊಡಿ ಎಂದು ಕೇಳಿದ ತುಳು ಅದು. ಲಾರಿಯ ಸದ್ದಿನ ನಡುವೆಯೂ ಅಂಗಡಿಯವರು ಮರುಮಾತಿಲ್ಲದೆ ಪೊಟ್ಟಣ ಹರಿದು ಕೊಟ್ಟರು. ಪೊಟ್ಟಣದ ಮೇಲಿದ್ದುದು ‘ಕುರ್ಕುರೆ’. ಹುಡುಗ ಕೇಳಿದ್ದು ‘ಕುರುಕುರೆ’. ವ್ಯಾಪಾರಕ್ಕೆ ಇದರಿಂದ ಕಿಂಚಿತ್ತೂ ಭಂಗ ಬರಲಿಲ್ಲ. ಏಕೆ ಬರಲಿಲ್ಲ ಎಂಬುದು ನನಗೆ ಸ್ವಾರಸ್ಯವಾಗಿ ಕಂಡಿತು.

ಛಂದಸ್ಸಿನ ಮೊದಲ ಪಾಠವನ್ನು ವಾಚಕರು ಶಾಲೆಯಲ್ಲಿ ಓದಿಯೇ ಇದ್ದಾರೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘವಾದರೆ, ಅಥವಾ ಮುಂದೆ ಒತ್ತಕ್ಷರ ಬಂದರೆ ಗುರು, ಅದಕ್ಕೆ ಎರಡು. ‘ಕುರ್ಕುರೆ’ಯಲ್ಲಿ ಮೊದಲನೆಯದು ಗುರು, ಉಳಿದೆರಡು ಲಘು, ಒಟ್ಟು ನಾಲ್ಕು ಮಾತ್ರೆ. ಹಳ್ಳಿಯ ನಾಲಗೆ ಒತ್ತನ್ನು ಬಿಡಿಸಿ ನಡುವೆ ಒಂದು ಉಕಾರ ಸೇರಿಸಿ ‘ಕುರುಕುರೆ’ ಎಂದಿತೆನ್ನಿ. ಆಗ ನಾಲ್ಕೂ ಲಘುಗಳು, ಮಾತ್ರೆ ಮತ್ತೆ ನಾಲ್ಕೇ. ಒಂದು ಗುರು ಒಡೆದು ಎರಡು ಲಘುಗಳಾದರೆ ಮಾತ್ರಾಗಣದ ನಡೆ ಕೆಡುವುದಿಲ್ಲ. ಪೇಟೆಯವನ ಉಚ್ಚಾರಣೆಗೂ ಹಳ್ಳಿಯವನ ಉಚ್ಚಾರಣೆಗೂ ತಾಳ ಒಂದೇ. ಕಿವಿ ಅಕ್ಷರವನ್ನು ತಪ್ಪಿದರೂ ತಾಳವನ್ನು ಹಿಡಿಯುತ್ತದೆ.

ಹೆಸರಿಟ್ಟವರು ಕನ್ನಡ ಛಂದಸ್ಸನ್ನು ಅಭ್ಯಾಸಮಾಡಿ ಇಟ್ಟರೆಂದು ನಾನು ಹೇಳುತ್ತಿಲ್ಲ. ಪೆಪ್ಸಿ ಕಂಪನಿ ಭಾರತದಲ್ಲಿ 1999ರಲ್ಲಿ ಈ ತಿನಿಸನ್ನು ಹೊರತಂದಾಗ ಹಿಂದಿಯ ‘ಕುರ್‌ಕುರಾ’, ಎಂದರೆ ಗರಿಗರಿಯಾದದ್ದು ಎಂಬ ಮಾತನ್ನು ಎತ್ತಿಕೊಂಡಿತು. ಆದರೆ ಕನ್ನಡದಲ್ಲಿಯೂ ‘ಕುರುಕು’ ಎಂಬ ಧಾತು ಇದೆ, ‘ಕುರುಕಲು ತಿಂಡಿ’ ಎಂಬ ಮಾತು ಮನೆಮನೆಯಲ್ಲಿದೆ. ಕೇಶಿರಾಜನ ಕಾಲಕ್ಕಾಗಲೇ ಅನುಕರಣ ಶಬ್ದಗಳಿಗೆ ನಮ್ಮ ವ್ಯಾಕರಣದಲ್ಲಿ ಸ್ಥಾನ ಸಿಕ್ಕಿತ್ತು. ಹಲ್ಲಿನ ಕೆಳಗೆ ಹುಟ್ಟುವ ಸದ್ದಿಗೆ ಪ್ರಾಂತಭೇದ ಕಡಿಮೆ. ಹೀಗೆ ಉತ್ತರದಿಂದ ಬಂದ ಹೆಸರು ಇಲ್ಲಿಯ ನಾಲಗೆಗೆ ನೆಂಟನಾಗಿಯೇ ಬಂದಿತು.

ಪಕ್ಕದಲ್ಲೇ ತೂಗುತ್ತಿದ್ದ ಆಲೂಗಡ್ಡೆಯ ಪೊಟ್ಟಣದ ಕಥೆ ಬೇರೆ. ‘ಲೇಸ್’ ಎಂಬುದು ಹರ್ಮನ್ ಲೇ ಎಂಬ ಅಮೆರಿಕದ ವ್ಯಾಪಾರಿಯ ಹೆಸರಿನಿಂದ ಬಂದದ್ದು. ವ್ಯಂಜನದಲ್ಲಿ ಮುಗಿಯುವ ಮಾತು ಕನ್ನಡದ ಬಾಯಿಗೆ ಹಿಡಿಸದು. ಬಸ್ ಬಸ್ಸಾಯಿತು, ಕಾರ್ ಕಾರಾಯಿತು, ಹಾಗೆಯೇ ಲೇಸ್ ಲೇಸಾಯಿತು. ಲೇಸೆಂದರೆ ಒಳ್ಳೆಯದು! ವಚನಕಾರರ ಕಾಲದಿಂದ ಬಾಳಿದ ಪದವನ್ನು ಹರ್ಮನ್ ಲೇ ಮಹಾಶಯನ ವಾರಸುದಾರರು ಅರಿಯದೆಯೇ ಗಳಿಸಿಕೊಂಡರು. ಇಂಥ ಅದೃಷ್ಟವನ್ನು ಯಾರೂ ಲೆಕ್ಕಹಾಕಿ ತರಲಾರರು. ಆದರೆ ಅದರ ವಿರುದ್ಧವಾದ ದುರದೃಷ್ಟವನ್ನು ಮೊದಲೇ ಪರೀಕ್ಷಿಸಿ ತಪ್ಪಿಸಿಕೊಳ್ಳಬಹುದು. ಅದಕ್ಕೊಂದು ಪ್ರಸಂಗವಿದೆ.

ಆ ಕಡೆಯ ನನ್ನ ಪರಿಚಯದ ಮನೆಯೊಂದರಲ್ಲಿ ಹಲಸಿನಕಾಯಿಯ ಚಿಪ್ಸ್ ಮಾಡುತ್ತಾರೆ. ಬಲಿತ, ಆದರೆ ಹಣ್ಣಾಗದ ಕಾಯಿಯ ಸೊಳೆಯನ್ನು ಸೀಳಿ ತೆಂಗಿನೆಣ್ಣೆಯಲ್ಲಿ ಕರಿದದ್ದು. ಇಷ್ಟು ದಿನ ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹತ್ತಿರದ ಅಂಗಡಿಗಳಿಗೆ ಕೊಡುತ್ತಿದ್ದರು. ಈಗ ಬಿ.ಸಿ. ರೋಡಿನ ಅಂಗಡಿಗೂ ಬೆಂಗಳೂರಿನ ನೆಂಟರ ಮೂಲಕ ಅಲ್ಲಿಗೂ ಕಳಿಸುವ ಯೋಚನೆ. ‘ನೀವು ಬರೆಯುವವರಲ್ಲವಾ, ಒಂದು ಹೆಸರು ಹೇಳಿ ಮಾರಾಯರೇ’ ಎಂದರು ಯಜಮಾನರು. ಅವರೇ ಆಗಲೇ ನಾಲ್ಕು ಹೆಸರು ಗುರುತುಹಾಕಿದ್ದರು.

ಕಾಲೇಜಿಗೆ ಹೋಗುವ ಮಗನ ಸೂಚನೆ ‘ಕ್ರಿಸ್ಪಿ’. ಮೂರು ಮಾತ್ರೆಯ ಚಿಕ್ಕ ಹೆಸರು, ಸದ್ದೂ ಗರಿಗರಿಯಾಗಿದೆ. ಆದರೆ ಮೊದಲ ಅಕ್ಷರದಲ್ಲೇ ಒತ್ತು; ಅಜ್ಜಿಯ ಬಾಯಲ್ಲಿ ಅದು ‘ಕಿರಿಸ್ಪಿ’ಯಾಗುತ್ತದೆ. ಒಂದು ಲಘು, ಒಂದು ಗುರು, ಮತ್ತೊಂದು ಲಘು: ಮಾತ್ರೆ ನಾಲ್ಕಾಯಿತು, ತಾಳವೇ ತಪ್ಪಿತು. ಕುರ್ಕುರೆ ಗೆದ್ದ ಪರೀಕ್ಷೆಯಲ್ಲಿ ಇದು ಸೋತಿತು. ಗರಿಗರಿ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ತಿಂಡಿಗೆ ಇಡುವವರು ಇವರೊಬ್ಬರೇ ಅಲ್ಲ ಎಂಬುದು ಇನ್ನೊಂದು ದೋಷ. ಅದಕ್ಕೆ ಮುಂದೆ ಬರುತ್ತೇನೆ.

ಯಜಮಾನರದು ‘ಫಲಾಮೃತ’. ಘನವಾದ ಹೆಸರು, ಔಷಧದ ಬಾಟಲಿಗೆ ಒಪ್ಪೀತು. ಇದರ ಮೊದಲ ಅಕ್ಷರ ನಮ್ಮನ್ನು ಎರಡು ಪಂಗಡಗಳಾಗಿ ಒಡೆಯುತ್ತದೆ: ತುಳುವರ ಆಡುಮಾತಿನಲ್ಲಿ ಮಹಾಪ್ರಾಣಕ್ಕೆ ಜಾಗವಿಲ್ಲ, ಅವರು ‘ಪಲಾಮ್ರುತ’ ಎನ್ನುತ್ತಾರೆ, ಪೇಟೆಯ ಮಕ್ಕಳು ಅದೇ ಅಕ್ಷರವನ್ನು ಇಂಗ್ಲಿಷಿನ ‘ಫ್ಯಾನು’ ‘ಫೋನು’ಗಳ ಫಕಾರವಾಗಿಸುತ್ತಾರೆ. ಮೂಲದಲ್ಲಿರುವ ಉಚ್ಚಾರ ಯಾರಿಗೂ ಬೇಡ.

ಸೊಸೆಯ ಆಯ್ಕೆ ‘ಸೊಳೆ’. ನನಗೆ ತುಂಬ ಹಿಡಿಸಿತು. ಎರಡೇ ಲಘು, ಉಪ್ಪುಸೊಳೆಯ ನೆನಪು, ನೆಲದ ವಾಸನೆ. ಆದರೆ ಘಟ್ಟ ಹತ್ತಿದರೆ ಈ ಪದ ‘ತೊಳೆ’. ಬೆಂಗಳೂರಿನ ಗಿರಾಕಿ ‘ಸೊಳೆ’ಯನ್ನು ಓದುವುದು ಸೊಳ್ಳೆ ಎಂದೇ. ಒಂದು ಪೊಟ್ಟಣ ಸೊಳ್ಳೆ ಕೊಡಿ ಎಂದು ಕೇಳಿ ತಿನ್ನುವ ಧೈರ್ಯ ಯಾರಿಗಿದೆ?

ನಾಲ್ಕನೆಯದು ‘ಗುಜ್ಜೆ’. ಒತ್ತಿದ್ದರೂ ದ್ವಿತ್ವವಾದ್ದರಿಂದ ನಾಲಗೆ ಅದನ್ನು ಒಡೆಯುವುದಿಲ್ಲ. ಹೇಳಲು ಪುಷ್ಟವಾದ ಶಬ್ದ. ಆಕ್ಷೇಪ ಬಂದದ್ದು ಅಡುಗೆಮನೆಯಿಂದ. ಗುಜ್ಜೆ ಎಂದರೆ ಎಳೆಯ ಕಾಯಿ, ಪಲ್ಯಕ್ಕೆ ಹಾಕುವಂಥದು. ಚಿಪ್ಸಿಗೆ ಬೇಕಾದದ್ದು ಬಲಿತ ಕಾಯಿ. ಊರಿನವರು ನಗುತ್ತಾರೆ ಎಂದರು ಅಜ್ಜಿ. ಊರಿನವರು ನಗುವ ಹೆಸರನ್ನು ಪೇಟೆಯಲ್ಲಿ ಮಾರಬಹುದು, ಊರಿನಲ್ಲಿ ಮಾರಲಾಗದು.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ 9ನೆಯ ಕಲಮಿನ ಪ್ರಕಾರ, ಸರಕಿನ ಜಾತಿ ಗುಣಗಳನ್ನಷ್ಟೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ದೊರೆಯುವುದಿಲ್ಲ. ಬಹುಕಾಲದ ಬಳಕೆಯಿಂದ ಅದು ಒಬ್ಬನದೇ ಎಂದು ಜನಕ್ಕೆ ಗುರುತಾಗಿದ್ದರೆ ಮಾತು ಬೇರೆ. ದೊಡ್ಡ ಕಂಪನಿಗೆ ಅಂಥ ಗುರುತನ್ನು ಜಾಹೀರಾತಿನಿಂದ ಗಳಿಸುವ ಶಕ್ತಿಯಿದೆ. ಹಲಸಿನ ಮರ ಆರು ಇರುವ ಮನೆಗೆ ಇಲ್ಲ. ಅಜ್ಜಿಯ ಆಕ್ಷೇಪವನ್ನು ಬದಿಗಿಟ್ಟರೂ ‘ಗುಜ್ಜೆ’, ‘ಸೊಳೆ’, ‘ಕ್ರಿಸ್ಪಿ’ ಈ ಮೂರಕ್ಕೂ ಇದೇ ಅಡ್ಡಿ. ಸರಕನ್ನು ನೆನಪಿಸಬೇಕು, ಆದರೆ ಸರಕಿನ ಹೆಸರೇ ಆಗಬಾರದು. ಕವಿತೆಗೂ ನಾವು ಇದನ್ನೇ ಅಲ್ಲವೆ ಕೇಳುವುದು?

ಇನ್ನೊಬ್ಬರ ಹೆಸರಿಗೆ ಎಷ್ಟು ಹತ್ತಿರ ಹೋಗಬಹುದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ತೀರ್ಪುಗಳು ಒಳ್ಳೆಯ ವಿಮರ್ಶಾಲೇಖನಗಳಂತಿವೆ. 1959ರಲ್ಲಿ ಬಂದದ್ದು ಬಿಸ್ಕತ್ತಿನ ವ್ಯಾಜ್ಯ. ಗ್ಲೂಕೋಸ್ ಪುಡಿಗೆ ‘ಗ್ಲೂಕೋವಿಟಾ’ ಎಂಬ ಹೆಸರು ಮೊದಲೇ ಇತ್ತು. ಬಿಸ್ಕತ್ತಿನವರು ‘ಗ್ಲೂವಿಟಾ’ ಕೇಳಿದರು. ನಡುವೆ ಒಂದು ‘ಕೋ’ ಮಾತ್ರ ಇಲ್ಲ. ಕೊಳ್ಳುವವನು ಸಾಮಾನ್ಯ ಬುದ್ಧಿಯವನು, ಅರೆನೆನಪಿನವನು. ಅಂಥವನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಎಣಿಸುವುದಿಲ್ಲ ಎಂಬ ನೋಟದಿಂದ ನ್ಯಾಯಾಲಯ ನೋಂದಣಿಯನ್ನು ನಿರಾಕರಿಸಿತು. 1969ರಲ್ಲಿ ನಶ್ಯದ ಸರದಿ: ‘ಅಂಬಾಳ್’ ಮತ್ತು ‘ಆಂಡಾಳ್’. ಒಬ್ಬಳು ಪಾರ್ವತಿ, ಇನ್ನೊಬ್ಬಳು ವೈಷ್ಣವ ಭಕ್ತೆ, ಭಕ್ತರಿಗೆ ಗೊಂದಲವಾಗಲಾರದು. ಆದರೆ ಅಂಗಡಿಯಲ್ಲಿ ಕೂಗಿ ಕೇಳಿದಾಗ ಎರಡೂ ಒಂದೇ ಸದ್ದು. ಅರ್ಥ ಬೇರೆಯಾದರೇನು, ಸದ್ದು ಸಮೀಪವಾದ್ದರಿಂದ ಎರಡನೆಯ ಹೆಸರು ಬಿದ್ದುಹೋಯಿತು. ಹೆಸರು ಚಿಕ್ಕದಾದಷ್ಟೂ ನೆನಪು ಸುಲಭ ಎನ್ನುತ್ತೇವೆ. ಚಿಕ್ಕದಾದಷ್ಟೂ ನೆರೆಹೊರೆಯ ಹೆಸರುಗಳು ಒತ್ತೊತ್ತಾಗಿರುತ್ತವೆ ಎಂಬುದನ್ನು ಮರೆಯುತ್ತೇವೆ. ಎರಡಕ್ಷರದಲ್ಲಿ ಒಂದು ವ್ಯಂಜನ ಬದಲಿಸಿದವನು ಅರ್ಧ ಹೆಸರನ್ನು ಕದ್ದಂತೆಯೇ.

ಕೊನೆಗೆ ನಾನು ಸೂಚಿಸಿದ್ದು ‘ಪೆಲಕು’. ತುಳುವಿನಲ್ಲಿ ಹಲಸು ‘ಪೆಲ’. ಹಳಗನ್ನಡದ ಪಕಾರ ಕನ್ನಡದಲ್ಲಿ ಹಕಾರವಾಗಿ ‘ಪಲಸು’ ಹಲಸಾಯಿತು. ತುಳು ಹಳೆಯ ಪಕಾರವನ್ನು ಬಿಟ್ಟುಕೊಟ್ಟಿಲ್ಲ. ಬಂಟ್ವಾಳದವರಿಗೆ ಹೆಸರಿನಲ್ಲಿ ಹಲಸಿನ ಸುಳಿವು ಸಿಗುತ್ತದೆ. ಬೆಂಗಳೂರಿನವರಿಗೆ ಸಿಗದು, ಆದರೆ ಅವರ ಕಿವಿಗೆ ಮೆಲುಕು, ಕುರುಕು, ಪಲುಕುಗಳ ಸಂಬಂಧಿಯಂತೆ ಕೇಳುತ್ತದೆ. ಮೂರೂ ಲಘು, ಮೂರು ಮಾತ್ರೆ. ಪೇಟೆಯವರು ಅವಸರದಲ್ಲಿ ‘ಪೆಲ್ಕು’ ಎಂದರೆ ಗುರುವೊಂದು ಲಘುವೊಂದು, ಆಗಲೂ ಮೂರೇ. ಒತ್ತಕ್ಷರವಿಲ್ಲದ್ದರಿಂದ ಹೊಳಪಿನ ಪೊಟ್ಟಣ ಸುಕ್ಕಾದಾಗಲೂ ಓದಬಹುದು. ಕೆಳಗೆ ಇಳಿಯುವ ಒತ್ತಿಗೆ ಜಾಗ ಬಿಡಬೇಕಾಗಿಲ್ಲ, ಮೂರಕ್ಷರವನ್ನು ದೊಡ್ಡದಾಗಿ ಅಚ್ಚುಹಾಕಬಹುದು.

ದೋಷವಿಲ್ಲವೆನ್ನಲಾರೆ. ಪ ಮತ್ತು ಲ ಮೆತ್ತನೆಯ ಅಕ್ಷರಗಳು. ಗರಿಗರಿ ತಿಂಡಿಗೆ ಬೇಕಾದ ಕಟಕಟ ಕೊನೆಯ ‘ಕು’ವಿನಲ್ಲಿ ಮಾತ್ರ ಇದೆ. ರೋಮನ್ ಲಿಪಿಯಲ್ಲಿ ಬರೆದರೆ ಹೊರಗಿನವರು ‘ಪೇಲಾಕು’ ಎಂದಾರು. ಮಗ ಈ ಎರಡನ್ನೂ ಎತ್ತಿ ಹೇಳಿದ, ನನಗೆ ಉತ್ತರವಿರಲಿಲ್ಲ.

ಮನೆಯವರು ಮಾಡಿದ ಪರೀಕ್ಷೆ ನನ್ನ ಮಾತ್ರಾಗಣನೆಗಿಂತ ಚೆನ್ನಾಗಿತ್ತು. ನೆರೆಮನೆಯ ಹುಡುಗಿಗೆ ‘ಕ್ರಿಸ್ಪಿ’ ಮತ್ತು ‘ಪೆಲಕು’ಗಳನ್ನು ಒಂದೊಂದು ಸಲ ಹೇಳಿ, ಚೀಟಿ ಕೊಡದೆ, ಬೇರೆಬೇರೆ ದಿನ ಅಂಗಡಿಗೆ ಕಳಿಸಿದರು. ಅಂಗಡಿಯವರಿಗೆ ಏನನ್ನೂ ತಿಳಿಸಿರಲಿಲ್ಲ. ಅವರು ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು, ಅಷ್ಟೆ. ‘ಕ್ರಿಸ್ಪಿ’ ಕೇಳಿದ ದಿನ, ‘ಯಾವ ಕ್ರಿಸ್ಪಿ?’ ಎಂದು ಅವರು ಬೇರೆ ಬೇರೆ ಪೊಟ್ಟಣಗಳನ್ನು ತೋರಿಸಿದರಂತೆ. ‘ಪೆಲಕು’ ಕೇಳಿದ ದಿನ, ‘ಪೆಲಕು ನಮ್ಮಲ್ಲಿ ಬರುವುದಿಲ್ಲ, ಹಲಸಿನದ್ದಾ?’ ಎಂದರಂತೆ.

ಅಜ್ಜಿ ಅಲ್ಲಿಗೇ ತೀರ್ಮಾನ ಕೊಟ್ಟರು. ಹಣ್ಣು ತರಕಾರಿಗಳ ಚಿಪ್ಸು 29ನೆಯ ವರ್ಗಕ್ಕೆ ಸೇರುತ್ತದೆ. ಆ ವರ್ಗದಲ್ಲಿ ಇದೇ ಸದ್ದಿನ ಹೆಸರು ಬೇರೆ ಯಾರದಾದರೂ ಇದೆಯೇ ಎಂದು ಹುಡುಕುವ ಕೆಲಸವನ್ನು ಮಗ ವಹಿಸಿಕೊಂಡಿದ್ದಾನೆ. ಅಚ್ಚಿನವರು ಮಾತ್ರ, ಹೆಸರಿನ ಮೇಲೆ ಜಾಗ ಉಳಿದಿದೆ, ‘ಶ್ರೀ’ ಸೇರಿಸಲೇ ಎಂದು ಕೇಳುತ್ತಿದ್ದಾರಂತೆ. ಬೇಡವೆಂದು ಬರೆದು ಕಳಿಸಿದ್ದೇನೆ.