ನಾಲ್ಕು-ಆರು ಎಲ್ಲಿ ಹೋಯಿತು?

ಇಂಡಿ ಪಂಪ್ ಹತ್ತಿರ, ಹಳೇ ಹುಬ್ಬಳ್ಳಿಯಲ್ಲಿ, ನನ್ನ ಕೈಕೆಳಗೆ ಕಲಿತ ಹುಡುಗನೊಬ್ಬ ಹಲ್ಲಿನ ದವಾಖಾನೆ ತೆರೆದಿದ್ದಾನೆ. ನೋಡಲು ಹೋದವರೆಲ್ಲ ಹೊಸ ಕುರ್ಚಿ ನೋಡಿ ಹೊಗಳಿದರು. ನಾನು ಪೇಶಂಟ್ ಕಾರ್ಡಿನ ಕಟ್ಟು ಕೇಳಿದೆ. ಊಟಕ್ಕೆ ಮುಂಚೆ ಪಂಚಾಂಗ ನೋಡುವವರಂತೆ, ನನಗೆ ಹಲ್ಲಿನ ಚಾರ್ಟು ಓದುವ ಚಟ.

ಕಾರ್ಡುಗಳು ಚೊಕ್ಕಟವಾಗಿದ್ದವು. ನಮ್ಮ ಕಾಲದಲ್ಲಿ ಕೂಡಿಸು ಗುರುತು ಬರೆದು ಬಾಯಿಯನ್ನು ನಾಲ್ಕು ಭಾಗ ಮಾಡಿ, ಯಾವ ಮೂಲೆಯೋ ಆ ಮೂಲೆಯಲ್ಲಿ 6 ಅಂತ ಬರೆಯುತ್ತಿದ್ದೆವು. 1861ರಲ್ಲಿ ವಿಯೆನ್ನಾದ ಝಿಗ್ಮಂಡಿ ಹಾಕಿಕೊಟ್ಟ ಪದ್ಧತಿ ಅದು. ಕೈಬರಹಕ್ಕೆ ಚೆಂದ, ಆದರೆ ಫೋನಿನಲ್ಲಿ ಟೈಪ್ ಮಾಡಿದರೆ ಗೆರೆ ಹೋಗಿ ಬರೀ 6 ಉಳಿಯುತ್ತದೆ. ಬಾಯಲ್ಲಿ ನಾಲ್ಕು ಆರುಗಳಿವೆ, ಯಾವುದನ್ನು ಕೀಳಬೇಕು? ಎಫ್‌ಡಿಐ ಪದ್ಧತಿಯಲ್ಲಿ ಆ ಗೆರೆಯ ಕೆಲಸವನ್ನು ಮೊದಲ ಅಂಕಿಯೇ ಮಾಡುತ್ತದೆ. ಪೇಶಂಟಿನ ಬಲ ಮೇಲ್ದವಡೆ 1, ಎಡ ಮೇಲ್ದವಡೆ 2, ಎಡ ಕೆಳದವಡೆ 3, ಬಲ ಕೆಳದವಡೆ 4. ಹಾಲುಹಲ್ಲಿಗೆ ಇದೇ ಸುತ್ತಿನಲ್ಲಿ 5ರಿಂದ 8. ಎರಡನೇ ಅಂಕಿ ನಡುಗೆರೆಯಿಂದ ಹಿಂದಕ್ಕೆ ಎಣಿಸಿದ್ದು. ಹಾಗಾಗಿ 46ನ್ನು ನಲವತ್ತಾರು ಅನ್ನಬಾರದು, ನಾಲ್ಕು-ಆರು ಅನ್ನಬೇಕು.

ಈ ‘ಎಣಿಸಿದ್ದು’ ಎಂಬ ಮಾತೇ ಹುಡುಗನಿಗೆ ಕೈಕೊಟ್ಟಿತ್ತು.

ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳ ಕಾರ್ಡು ತೆಗೆದೆ. 46ರಲ್ಲಿ ಮೇಲ್ಮೈಗೆ ಕೆಂಪು, ಅಂದರೆ ಹುಳುಕು. 47 ಸರಿಯಾಗಿದೆ. 48ರ ಮೇಲೆ ಗುಣಿಸು ಗುರುತು, ಅಂದರೆ ಹಲ್ಲಿಲ್ಲ. ಜೊತೆಗಿದ್ದ ಎಕ್ಸ್‌ರೇಯಲ್ಲಿ ಹುಳುಕು ಹಿಡಿದ ಹಲ್ಲು ಮುಂದಕ್ಕೆ ವಾಲಿ, ಮುಂದಿನ ಹಲ್ಲಿಗೆ ಹೆಗಲು ಕೊಟ್ಟಂತೆ ನಿಂತಿತ್ತು. ಅನುಮಾನ ಬಂತು. ಆಕೆ ಮರುದಿನ ಬಂದಾಗ ಕೇಳಿದೆ: “ಅಕ್ಕಾರ, ಈ ಕಡೆ ಮೊದಲ ಯಾವಾಗರೆ ಹಲ್ಲು ಕೀಳಿಸಿದ್ರೇನ್ರಿ?”

“ಹೌದ್ರಿ, ಸಾಲಿಗೆ ಹೋಗೂ ಮುಂದ ಒಂದು ದವಡಿ ಹಲ್ಲು ಕೀಳಿಸಿದ್ರು ನಮ್ಮ ಅಪ್ಪಾರು. ಹಾಲಹಲ್ಲು ಐತಿ, ಮತ್ತ ಬರತೈತಿ ಅಂದಿದ್ರು. ಬರಲೇ ಇಲ್ಲರಿ.”

ಬರುವುದು ಹೇಗೆ? ಮೊದಲ ದೊಡ್ಡ ದವಡೆಹಲ್ಲು ಆರನೇ ವರ್ಷದ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಹಿಂದುಗಡೆ ಸುಮ್ಮನೆ ಹುಟ್ಟುತ್ತದೆ. ಮನೆಯವರು ಅದನ್ನೂ ಹಾಲುಹಲ್ಲೇ ಅಂದುಕೊಳ್ಳುತ್ತಾರೆ. ಅದು ಹೋದ ಮೇಲೆ ಹಿಂದಿನ 47 ವರ್ಷಗಟ್ಟಲೆ ಮುಂದಕ್ಕೆ ಜರುಗಿ ಸಂದು ಮುಚ್ಚುತ್ತದೆ. ಹುಡುಗ 45ರ ಪಕ್ಕದ್ದು 46 ಎಂದು ಎಣಿಸಿದ್ದ. ಅಂಕಿ ಹಲ್ಲಿನ ಹೆಸರು ಕಣಪ್ಪಾ, ಬಸ್ಸಿನ ಸೀಟ್ ನಂಬರಲ್ಲ ಅಂದೆ. ಒಬ್ಬರು ಎದ್ದು ಹೋದರೆಂದು ಪಕ್ಕದವರಿಗೆ ಅವರ ಹೆಸರು ಬರುವುದಿಲ್ಲ.

ಬರೀ ಮಾತು ನಂಬಿ ತಿದ್ದುವ ಹಾಗಿಲ್ಲ, ಹಲ್ಲನ್ನೇ ಕೇಳಬೇಕು. ಕನ್ನಡಿ ಹಿಡಿದು ಗಾಳಿ ಬಿಟ್ಟು ಒಣಗಿಸಿದೆವು. ಕೆಳಗಿನ ಆರನೇ ಹಲ್ಲಿಗೆ ಸಾಮಾನ್ಯವಾಗಿ ಐದು ಗುಬ್ಬಿ, ಕೆನ್ನೆಯ ಕಡೆ ಮೂರು. ಏಳನೆಯದಕ್ಕೆ ನಾಲ್ಕೇ, ನಡುವೆ ಕೂಡಿಸು ಗುರುತಿನಂಥ ಗೀರು. ಇಲ್ಲಿ ಹುಳುಕಿನ ಅಂಚಿನಲ್ಲೂ ಆ ಗೀರಿನ ಎರಡು ತೋಳು ಕಾಣುತ್ತಿದ್ದವು. ಬೇರುಗಳೂ ಕಾಲಗಲಿಸಿ ನಿಂತಿರಲಿಲ್ಲ, ಏಳರ ಹಾಗೆ ಒಂದಕ್ಕೊಂದು ಹತ್ತಿರವಿದ್ದವು. ಹಲ್ಲು ಸವೆದಿದ್ದರೆ, ದೊಡ್ಡ ಫಿಲ್ಲಿಂಗ್ ಇದ್ದರೆ ಇಷ್ಟು ಸುಲಭವಿಲ್ಲ. ಆಗ ಅಂಕಿಯ ಪಕ್ಕ ಪ್ರಶ್ನಾರ್ಥಕ ಹಾಕಿ, ಯಾಕೆ ಅನುಮಾನ ಎಂದು ಒಂದು ಸಾಲು ಬರೆಯುವುದೇ ಮರ್ಯಾದೆ.

ಹುಳುಕು ಆಳವಿತ್ತು. ರೂಟ್ ಕೆನಾಲ್‌ಗೆ ಧಾರವಾಡದ ಕಡೆ ಸತ್ತೂರಿನ ಡೆಂಟಲ್ ಕಾಲೇಜಿಗೆ ಕಳಿಸುವ ಚೀಟಿಯಲ್ಲೂ 46 ಎಂದೇ ಇತ್ತು. ಅಲ್ಲಿಯವರು 46 ಇಲ್ಲವೇ ಇಲ್ಲ ಅಂದರೆ ಆಕೆ ಬಸ್ ಹತ್ತಿ ವಾಪಸ್ ಬರಬೇಕಿತ್ತು.

ಇನ್ನೊಂದು ಎಡವಟ್ಟೂ ಇತ್ತು. ಇಲ್ಲದ ಹಲ್ಲಿಗೂ ಕೀಳಬೇಕಾದ ಹಲ್ಲಿಗೂ ಹುಡುಗ ಒಂದೇ ಗುಣಿಸು ಗುರುತು ಬಳಸುತ್ತಿದ್ದ. ಗುರುತುಗಳು ಊರಿಗೊಂದು, ಕಾಲೇಜಿಗೊಂದು. ನನ್ನ ರೂಢಿ ಇಷ್ಟು: ಮಾಡಬೇಕಾದದ್ದು ಕೆಂಪು, ಮಾಡಿದ್ದು ನೀಲಿ, ಕೀಳಬೇಕಾದ ಹಲ್ಲಿಗೆ ಒಂದೇ ಓರೆ ಗೆರೆ ಕೆಂಪಿನಲ್ಲಿ, ಕಿತ್ತ ದಿನ ಎದುರು ಗೆರೆ ನೀಲಿಯಲ್ಲಿ, ಪಕ್ಕ ತಾರೀಖು. ಯಾವ ರೂಢಿಯಾದರೂ ಅದರ ಅರ್ಥ ರಿಜಿಸ್ಟರಿನ ಮೊದಲ ಹಾಳೆಯಲ್ಲಿ ಇರಲಿ.

ತಪ್ಪು ತಿದ್ದಲು ಹುಡುಗ ವೈಟ್ನರ್ ತೆಗೆದ. ಕಸಿದುಕೊಂಡೆ. ಕನಿಷ್ಠ 3 ವರ್ಷ ಕಾಪಿಡಬೇಕಾದ ಕಾಗದದಲ್ಲಿ ಬಿಳಿ ಬಳಿದ ಜಾಗ ಕಂಡರೆ ಯಾರಿಗಾದರೂ ಏನೋ ಮುಚ್ಚಿಟ್ಟಂತೆ ಅನಿಸುತ್ತದೆ. ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆಸಿದೆ. ಕೆಳಗೆ ಅವನೇ ಬರೆದ: “46 ಇಲ್ಲ, ಬಾಲ್ಯದಲ್ಲಿ ಕಿತ್ತದ್ದು, ಪೇಶಂಟಿನ ಹೇಳಿಕೆ. 47 ಮುಂದಕ್ಕೆ ವಾಲಿದೆ, ಮೇಲ್ಮೈ ಹುಳುಕು ಆಳ. 48 ಇದೆ.” ತಾರೀಖು, ಸಹಿ. ಚೀಟಿಯನ್ನು ಮಾತ್ರ ಹರಿದು ಹೊಸದು ಬರೆದೆವು.