ಸರಾಸರಿಯ ಸ್ಲಾಟು, ಮುಗಿಯದ ಓಪಿಡಿ

ಸಂಜೆ 5ರಿಂದ 8ರವರೆಗೆ ನಡೆಯುವ ಒಂದು ಕ್ಲಿನಿಕ್ಕನ್ನು ಊಹಿಸಿಕೊಳ್ಳೋಣ. ಅಲ್ಲಿ ಮತ್ತೆ ತೋರಿಸಿಕೊಳ್ಳಲು ಬಂದವರಿಗೆ ಸರಾಸರಿ 8 ನಿಮಿಷ, ಹೊಸಬರಿಗೆ 16 ನಿಮಿಷ ಬೇಕು. ನಾಲ್ವರಲ್ಲಿ ಒಬ್ಬರು ಹೊಸಬರು. ಒಟ್ಟಾರೆ ಸರಾಸರಿ 10 ನಿಮಿಷ. ಹಾಗಾಗಿ ಎಲ್ಲರಿಗೂ ಹತ್ತು ಹತ್ತು ನಿಮಿಷದ ಸ್ಲಾಟು ಕೊಟ್ಟು, ಮೂರು ಗಂಟೆಗೆ 18 ಹೆಸರು ಬರೆದುಕೊಳ್ಳುತ್ತಾರೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಆದರೆ ಓಪಿಡಿ ಎಂಟಕ್ಕೆ ಮುಗಿಯುವುದಿಲ್ಲ. ಬೇಗ ಮುಗಿದ ರೋಗಿ ಉಳಿಸಿದ ನಿಮಿಷಗಳೂ ತಡವಾದ ರೋಗಿ ನುಂಗಿದ ನಿಮಿಷಗಳೂ ಒಂದಕ್ಕೊಂದು ಸರಿಹೋಗುತ್ತವೆ ಎಂದು ಸರಾಸರಿ ನಂಬಿಸುತ್ತದೆ. ಆದರೆ ಮುಂದಿನವರು ಇನ್ನೂ ಬಂದಿರದಿದ್ದರೆ ಉಳಿದ ನಿಮಿಷ ವ್ಯರ್ಥವಾಗುತ್ತದೆ. ತಡವಾದ ನಿಮಿಷ ಮಾತ್ರ ನಂತರದವರೆಲ್ಲರ ಮೇಲೂ ಬೀಳುತ್ತದೆ. ಒಂದು ನಿಮಿಷವೂ ವ್ಯರ್ಥವಾಗದ ದಿನಗಳನ್ನೇ ತೆಗೆದುಕೊಂಡರೂ 180 ನಿಮಿಷದ ಅವಧಿಗೆ ಸರಾಸರಿ 180 ನಿಮಿಷದ ಕೆಲಸ ತುಂಬಿದ್ದೇವೆ. ಅಂದರೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ ಎಂಟು ದಾಟುತ್ತದೆ.

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಲೆಕ್ಕಕ್ಕೆ ಹಚ್ಚಿದವರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ ಒಬ್ಬರು. 1952ರಲ್ಲಿ ಅವರು ಅಲ್ಲಿನ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ಸೂಚಿಸಿದ ನಿಯಮ ಸರಳ: ಆರಂಭಕ್ಕೆ ಇಬ್ಬರನ್ನು ಕರೆಯಿರಿ, ನಂತರ ಸರಾಸರಿ ತಪಾಸಣೆಯ ಅಂತರದಲ್ಲಿ ಒಬ್ಬೊಬ್ಬರನ್ನು. ಯಾವಾಗಲೂ ಒಬ್ಬರು ಹೊರಗೆ ಕಾಯುತ್ತಿರುವುದರಿಂದ ವೈದ್ಯರು ಖಾಲಿ ಕೂರುವುದು ಕಡಿಮೆಯಾಗುತ್ತದೆ. ಇದು ಇವತ್ತಿಗೂ ಉಪಯುಕ್ತ. ಆದರೆ ಓಪಿಡಿ ಹೊತ್ತಿಗೆ ಮುಗಿಯಬೇಕೆನ್ನುವವರಿಗೆ ಇದು ಅರ್ಧ ಉತ್ತರ ಮಾತ್ರ. ನಮ್ಮ ಕ್ಲಿನಿಕ್ಕಿನಲ್ಲಿ ಈ ನಿಯಮ ಹಾಕಿದರೆ ಕೊನೆಯ ರೋಗಿಯ ಸಮಯ 7:50ರ ಬದಲು 7:40 ಆಗುತ್ತದೆ. ಒಳಗಿನ ಕೆಲಸ ಮಾತ್ರ 180 ನಿಮಿಷವೇ. ಪೋಲಾಗುವ ಹೊತ್ತನ್ನು ಅದು ಉಳಿಸುತ್ತದೆಯೇ ಹೊರತು ಹೊಸ ಹೊತ್ತನ್ನು ತಂದುಕೊಡುವುದಿಲ್ಲ.

ಆದ್ದರಿಂದ ಹೆಸರುಗಳನ್ನೇ 16ಕ್ಕೆ ಇಳಿಸಬೇಕು ಎಂಬುದು ನನ್ನ ವಾದ. 12 ಮಂದಿ ಹಳಬರಿಗೆ 96 ನಿಮಿಷ, ನಾಲ್ವರು ಹೊಸಬರಿಗೆ 64, ಒಟ್ಟು 160. ಉಳಿದ 20 ನಿಮಿಷವನ್ನು ಎರಡು ಬಿಡುವುಗಳಾಗಿ ಒಡೆಯಿರಿ. 5ರಿಂದ 6:20ರವರೆಗೆ ಆರು ಹಳಬರು, ಅವರ ನಂತರ ಇಬ್ಬರು ಹೊಸಬರು, ಆಮೇಲೆ 6:30ರವರೆಗೆ ಬಿಡುವು. 6:30ರಿಂದ ಮತ್ತೆ ಅದೇ ಕ್ರಮ, 7:50ಕ್ಕೆ ಎರಡನೆಯ ಬಿಡುವು. ಹೊಸಬರ ಸಮಯವೇ ಹೆಚ್ಚು ಏರುಪೇರಾಗುವುದು, ಆದ್ದರಿಂದ ಅವರು ಬಿಡುವಿಗೆ ತುಸು ಮುಂಚೆಯೇ ಇರಬೇಕು. ಅಲ್ಲಿ ತಡವಾದರೆ ಕಾಯುವವರು ಹೆಚ್ಚಿರುವುದಿಲ್ಲ. ಮೊದಲ ಬಿಡುವಿನ ಹೊತ್ತಿಗೆ ಎಲ್ಲವೂ ವೇಳೆಗೆ ಸರಿಯಾಗಿದ್ದು 6:30ರವರು ಆಗಲೇ ಬಂದಿದ್ದರೆ ಅವರನ್ನೇ ಒಳಗೆ ಕರೆಯಬೇಕು; ಆಗ ಆ ಹತ್ತು ನಿಮಿಷ ಕೊನೆಗೆ ಸರಿಯುತ್ತದೆ, ಪೋಲಾಗುವುದಿಲ್ಲ. ಈ ಬಿಡುವನ್ನು ಫೋನಿನಲ್ಲಿ ಯಾರಿಗೂ ಮುಂಗಡ ಕೊಡದಿರುವುದು ರಿಸೆಪ್ಷನ್ನಿನವರ ಕಠಿಣ ಕೆಲಸ. ಒಮ್ಮೆ ಕೊಟ್ಟರೆ ಅದು ಬಿಡುವಲ್ಲ, ಇನ್ನೊಂದು ಸ್ಲಾಟು.

ಇಬ್ಬರನ್ನು ಬಿಟ್ಟರೆ ಅವರ ಗತಿಯೇನು, ಆದಾಯವೇನು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಹದಿನೇಳನೆಯವರಿಗೂ ಹದಿನೆಂಟನೆಯವರಿಗೂ ಈಗ ಸಿಗುತ್ತಿರುವುದು ದಣಿದ ವೈದ್ಯರ ಅವಸರದ ನಿಮಿಷಗಳು. ಅಲ್ಲದೆ ಕೆಲವರು ಹೆಸರು ಬರೆಸಿ ಬರುವುದೇ ಇಲ್ಲ. ಹತ್ತರಲ್ಲಿ ಒಬ್ಬರು ತಪ್ಪಿಸಿಕೊಳ್ಳುವ ಕ್ಲಿನಿಕ್ಕಿನಲ್ಲಿ 18 ಬರೆದರೂ ಒಳಗೆ ಬರುವವರು ಸುಮಾರು 16. ಅಂಥಲ್ಲಿ 18 ಬರೆಯುವುದು ಸರಿಯೇ, ಅದು ತಮ್ಮದೇ ರಿಜಿಸ್ಟರಿನಿಂದ ತಿಳಿದ ಲೆಕ್ಕವಾಗಿದ್ದರೆ. ನಮ್ಮ ಜನ ಗಡಿಯಾರ ನೋಡಿ ಬರುವುದಿಲ್ಲ, ಟೋಕನ್ನೇ ವಾಸಿ ಎನ್ನುವವರೂ ಇದ್ದಾರೆ. ಟೋಕನ್ ಸರದಿಯ ಜಗಳ ತಪ್ಪಿಸುತ್ತದೆ, ನಿಜ. ಆದರೆ ಹದಿನಾರನೆಯ ಟೋಕನ್ನಿನವರನ್ನೂ ಐದಕ್ಕೇ ತಂದು ಕೂರಿಸುತ್ತದೆ. ಟೋಕನ್ನಿನ ಮೇಲೆ ಮೊದಲ ಎಂಟಕ್ಕೆ 5, ಉಳಿದ ಎಂಟಕ್ಕೆ 6:30 ಎಂದು ಬರೆದರೂ ಸಾಕು, ಮೇಲಿನ ವಿನ್ಯಾಸ ಕೆಡುವುದಿಲ್ಲ.

ಇಲ್ಲಿ ಕೊಟ್ಟ 8 ಮತ್ತು 16 ಎಲ್ಲರ ಅಂಕಿಗಳಲ್ಲ. ಎರಡು ವಾರ ಪ್ರತಿ ರೋಗಿ ಒಳಹೋದ ಸಮಯ, ಮುಂದಿನವರು ಒಳಹೋದ ಸಮಯ ಬರೆದಿಡಬೇಕು. ಚೀಟಿ ಬರೆಯುವುದು, ಕೈ ತೊಳೆಯುವುದು, ಮಗುವಿಗೆ ಮತ್ತೆ ಅಂಗಿ ತೊಡಿಸುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ವೈದ್ಯರು ಅಂದಾಜಿನಲ್ಲಿ ಹೇಳುವ ಐದು ನಿಮಿಷದಲ್ಲಿ ಇವು ಸೇರಿರುವುದಿಲ್ಲ. ಆ ಪುಟಗಳನ್ನು ಓದಿದರೆ ರೋಗವೂ ತಿಳಿಯುತ್ತದೆ: ತಡ ಪ್ರತಿ ರೋಗಿಗೂ ಸ್ವಲ್ಪ ಸ್ವಲ್ಪವೇ ಬೆಳೆಯುತ್ತಿದ್ದರೆ ಸ್ಲಾಟು ಚಿಕ್ಕದು; ಒಂದೆರಡು ಕಡೆ ಮಾತ್ರ ಜಿಗಿದರೆ ಸ್ಲಾಟು ಸರಿಯಿದೆ, ಬಿಡುವಿನ ಜಾಗ ತಪ್ಪಿದೆ; ಮೊದಲ ರೋಗಿಗೇ ಇಪ್ಪತ್ತು ನಿಮಿಷ ತಡವಾಗಿ, ಆಮೇಲೆ ಅದು ಬೆಳೆಯದಿದ್ದರೆ ವೈದ್ಯರು 5:20ಕ್ಕೆ ಬರುತ್ತಿದ್ದಾರೆ. ಆಗ ಎರಡೂ ಬಿಡುವುಗಳು ಓಪಿಡಿ ಶುರುವಾಗುವ ಮೊದಲೇ ಖರ್ಚಾಗಿಹೋಗಿರುತ್ತವೆ.